ಕ್ಯಾನ್ ಕಾಫಿ ಲೇಬಲ್: ಹಾಲಿನ ಸಕ್ಕರೆ ಎಷ್ಟು, ಮೇಲಿಂದ ಹಾಕಿರೋದು ಎಷ್ಟು

ಮೂರು ದಿನದಿಂದ ಕ್ಯಾನ್ ಮತ್ತೆ ಬಾಟಲ್ ಕಾಫಿ ಲೇಬಲ್‌ಗಳನ್ನ ಓದೋದು ಕಲಿತಿದ್ದೀನಿ. ಒಂದೇ ಒಂದು ಲೆಕ್ಕದಲ್ಲಿ ತುಂಬಾ ಹೊತ್ತು ಸಿಕ್ಕಾಕೊಂಡಿದ್ದೆ, ನಿನ್ನೆ ರಾತ್ರಿ ಬಿಡಿಸ್ತು, ಮರೆಯೋಕೆ ಮುಂಚೆ ಬರೆದಿಡ್ತಿದ್ದೀನಿ.

ಮೊದಲು ಅಂಕಿ ಯಾವ ಅಳತೆಗೆ ಅಂತ ನೋಡಿ, 100 ಎಂಎಲ್‌ಗಾ, ಒಂದು ಸರ್ವಿಂಗ್‌ಗಾ, ಪೂರ್ತಿ ಕ್ಯಾನ್‌ಗಾ. ಕೆಲವು ಬಾಟಲ್‌ನಲ್ಲಿ ಎರಡು ಸರ್ವಿಂಗ್ ಅಂತ ಸಣ್ಣಕ್ಷರದಲ್ಲಿ ಇರತ್ತೆ, ಆದ್ರೆ ಕುಡಿಯೋವ್ರು ಒಂದೇ ಸಲಕ್ಕೆ ಮುಗಿಸ್ತಾರೆ. ಇದಿಷ್ಟೇ, ಗುಣಾಕಾರ ಮಾಡಿದ್ರೆ ಆಯ್ತು.

ನಾನು ಎಡವಿದ್ದು ಸಕ್ಕರೆ ಸಾಲಲ್ಲಿ. 'ಟೋಟಲ್ ಶುಗರ್ಸ್' ಅಂತ ಇರೋದ್ರಲ್ಲಿ ಹಾಲಲ್ಲೇ ಇರೋ ಲ್ಯಾಕ್ಟೋಸ್ ಕೂಡ ಸೇರಿರತ್ತೆ. ಅದಕ್ಕೇ ಸಕ್ಕರೆ ಒಂದು ಚೂರೂ ಹಾಕದ ಹಾಲಿನ ಕಾಫಿಲೂ ಸೊನ್ನೆ ಬರಲ್ಲ. 'ಆಡೆಡ್ ಶುಗರ್ಸ್' ಅಂತ ಬೇರೆ ಸಾಲು ಕೊಟ್ಟಿದ್ರೆ ಮೇಲಿಂದ ಹಾಕಿದ್ದು ಅಷ್ಟೇ, ಲೆಕ್ಕ ಬೇಕಾಗಿಲ್ಲ. ಅದು ಇಲ್ಲದೇ ಇದ್ದಾಗ ಏನು ಮಾಡೋದು?

ನನ್ನ ಮುಂದೆ ಇದ್ದ ಲೇಬಲ್ ಹೀಗಿತ್ತು: 250 ಎಂಎಲ್ ಕ್ಯಾನ್, ಪದಾರ್ಥಗಳು ಹಾಲು, ನೀರು, ಸಕ್ಕರೆ, ಕಾಫಿ ಎಕ್ಸ್‌ಟ್ರಾಕ್ಟ್. 100 ಎಂಎಲ್‌ಗೆ ಸಕ್ಕರೆ 8.4 ಗ್ರಾಂ, ಪ್ರೋಟೀನ್ 1.6 ಗ್ರಾಂ. ಹಸುವಿನ ಹಾಲಲ್ಲಿ 100 ಎಂಎಲ್‌ಗೆ ಸುಮಾರು 4.8 ಗ್ರಾಂ ಲ್ಯಾಕ್ಟೋಸ್ ಇರತ್ತೆ ಅಂತ ಓದಿದ್ದೆ, ಪಟ್ಟಿಯಲ್ಲಿ ಹಾಲೇ ಮೊದಲು ಇದೆಯಲ್ಲ ಅಂತ ನೇರವಾಗಿ 8.4ರಲ್ಲಿ 4.8 ಕಳೆದೆ, 3.6 ಬಂತು, ಪರವಾಗಿಲ್ಲ ಕಮ್ಮಿನೇ ಇದೆ ಅಂದ್ಕೊಂಡೆ. ತಪ್ಪು ಅಲ್ಲೇ ಇದ್ದಿದ್ದು. ಪಟ್ಟಿಯಲ್ಲಿ ಮೊದಲು ಇದೆ ಅಂದ್ರೆ ತೂಕದಲ್ಲಿ ಅದು ಎಲ್ಲಕ್ಕಿಂತ ಜಾಸ್ತಿ ಅಂತ ಮಾತ್ರ ಅರ್ಥ, ಕ್ಯಾನ್ ಪೂರ್ತಿ ಹಾಲೇ ಅಂತ ಅಲ್ಲ. ನಾನು 100 ಎಂಎಲ್ ಹಾಲಿನ ಲ್ಯಾಕ್ಟೋಸ್ ಕಳೀತಿದ್ದೆ, ಒಳಗೆ ಅಷ್ಟು ಹಾಲೇ ಇರಲಿಲ್ಲ.

ಹಾಲು ಎಷ್ಟಿದೆ ಅಂತ ಹೇಳೋದು ಪ್ರೋಟೀನ್ ಸಾಲು. ಹಾಲಲ್ಲಿ 100 ಎಂಎಲ್‌ಗೆ ಸುಮಾರು 3.3 ಗ್ರಾಂ ಪ್ರೋಟೀನ್ ಇರತ್ತೆ, ಈ ತರ ಕಾಫಿಲಿ ಪ್ರೋಟೀನ್ ಹೆಚ್ಚುಕಮ್ಮಿ ಎಲ್ಲಾ ಹಾಲಿಂದನೇ ಬರೋದು. 1.6 ಅಂದ್ರೆ ಹೆಚ್ಚುಕಮ್ಮಿ ಅರ್ಧ ಹಾಲು. ಹಾಗಾದ್ರೆ ಲ್ಯಾಕ್ಟೋಸ್ ಕೂಡ ಅರ್ಧ, 2.4 ಗ್ರಾಂ. ನಾನು ಇದನ್ನ ಇನ್ನೂ ಚಿಕ್ಕದು ಮಾಡ್ಕೊಂಡಿದ್ದೀನಿ, ಪ್ರೋಟೀನ್‌ನ ಒಂದೂವರೆಯಿಂದ ಗುಣಿಸಿದ್ರೆ ಲ್ಯಾಕ್ಟೋಸ್ ಅಂದಾಜು ಬಂದ್ಬಿಡತ್ತೆ:

```
1.6 × 1.5 = 2.4
8.4 − 2.4 = 6.0
6.0 × 2.5 = 15
```

ಅಂದ್ರೆ ಆ ಕ್ಯಾನ್‌ನಲ್ಲಿ ಮೇಲಿಂದ ಹಾಕಿರೋ ಸಕ್ಕರೆ 15 ಗ್ರಾಂ, ಒಂದು ಟೀ ಚಮಚ 4 ಗ್ರಾಂ ಅಂದ್ರೆ ನಾಲ್ಕು ಚಮಚಕ್ಕೆ ಸ್ವಲ್ಪ ಕಮ್ಮಿ. ನನ್ನ ಮೊದಲಿನ ತಪ್ಪು ಲೆಕ್ಕದಲ್ಲಿ 9 ಗ್ರಾಂ ಬರ್ತಿತ್ತು. ಹಾಲಿನ ಬದಲು ಹಾಲಿನ ಪುಡಿ ಮತ್ತೆ ನೀರು ಹಾಕಿದ್ರೂ ಈ ಉಪಾಯ ನಡೆಯತ್ತೆ, ಯಾಕಂದ್ರೆ ಪುಡಿಯಲ್ಲೂ ಪ್ರೋಟೀನ್ ಮತ್ತು ಲ್ಯಾಕ್ಟೋಸ್ ಅದೇ ಜೋಡಿಯಾಗೇ ಇರತ್ತೆ, ತೆಗೆದಿರೋದು ನೀರು ಮಾತ್ರ.

ಕೈ ಕೊಡೋ ಜಾಗನೂ ಇದೆ. ಪ್ರೋಟೀನ್ 100 ಎಂಎಲ್‌ಗೆ 3.3 ದಾಟಿದ್ರೆ ಹಾಲಿನ ಪ್ರೋಟೀನ್ ಬೇರೆಯಾಗಿ ಸೇರಿಸಿರೋ ಸಾಧ್ಯತೆ ಜಾಸ್ತಿ, ಪದಾರ್ಥಗಳ ಪಟ್ಟಿ ನೋಡಿ ಖಾತ್ರಿ ಮಾಡ್ಕೊಳ್ಳಿ, ಅಲ್ಲಿ ಗುಣಾಕಾರ ಮಾಡಿದ್ರೆ ಲ್ಯಾಕ್ಟೋಸ್ ಸುಮ್ನೆ ಜಾಸ್ತಿ ಬರತ್ತೆ. ಓಟ್ಸ್ ಹಾಲಿಗೆ ಇದು ಬರೋದೇ ಇಲ್ಲ, ಅದ್ರಲ್ಲಿ ಲ್ಯಾಕ್ಟೋಸ್ ಇಲ್ಲ, ಓಟ್ಸ್‌ನ ಪಿಷ್ಟ ಎಂಜೈಮ್‌ನಿಂದ ಒಡೆದು ಆಗೋ ಸಕ್ಕರೆ ಅದು. 'ಲ್ಯಾಕ್ಟೋಸ್ ಫ್ರೀ' ಕಂಡ್ರೆ ಸಕ್ಕರೆ ಕಮ್ಮಿ ಅಂದ್ಕೋಬೇಡಿ, ಸಾಮಾನ್ಯವಾಗಿ ಲ್ಯಾಕ್ಟೋಸ್‌ನ ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಒಡೆದಿರ್ತಾರೆ ಅಷ್ಟೇ, ನಾಲಿಗೆಗೆ ಇನ್ನೂ ಸಿಹಿ ಅನ್ಸತ್ತೆ, ಗ್ರಾಂ ಅಷ್ಟೇ ಇರತ್ತೆ.

ಕೆಫೀನ್ ವಿಷಯ ಚಿಕ್ಕದು ಆದ್ರೆ ಬೇಜಾರಿನದು, ಎಷ್ಟೋ ಲೇಬಲ್‌ನಲ್ಲಿ ಅಂಕಿನೇ ಇರಲ್ಲ. ಯುರೋಪಿಯನ್ ಯೂನಿಯನ್‌ನಲ್ಲಿ ಲೀಟರ್‌ಗೆ 150 ಮಿಲಿಗ್ರಾಂ ದಾಟಿದ ಪಾನೀಯಕ್ಕೆ ಕೆಫೀನ್ ಹೆಚ್ಚಿದೆ ಅನ್ನೋ ಎಚ್ಚರಿಕೆ ಬರೀಬೇಕು, ಆದ್ರೆ ಕಾಫಿಯಿಂದಲೇ ಮಾಡಿ ಹೆಸರಲ್ಲೂ ಕಾಫಿ ಅಂತ ಇದ್ರೆ ವಿನಾಯಿತಿ. ಹಾಗಾಗಿ ಎಚ್ಚರಿಕೆ ಕಾಣಿಸಲಿಲ್ಲ ಅಂದ ಮಾತ್ರಕ್ಕೆ ಕಮ್ಮಿ ಇದೆ ಅಂತ ಅಲ್ಲ. ಅಂಕಿ ಕೊಟ್ಟಿದ್ರೂ ಅಳತೆ ಇನ್ನೊಂದು ಸಲ ನೋಡಿ. ನನ್ನ ಕ್ಯಾನ್‌ನಲ್ಲಿ ಸಕ್ಕರೆ 100 ಎಂಎಲ್‌ಗೆ ಇತ್ತು, ಕೆಫೀನ್ 100 ಮಿಲಿಗ್ರಾಂ ಅಂತ ಪೂರ್ತಿ ಕ್ಯಾನ್‌ಗೆ ಇತ್ತು, ಎರಡೂ ಒಂದೇ ಅಳತೆ ಅಂದ್ಕೊಂಡು ಕೆಫೀನ್‌ನೂ 2.5ರಿಂದ ಗುಣಿಸಿ 250 ಅಂತ ಬರ್ಕೊಂಡಿದ್ದೆ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ, ಗರ್ಭಿಣಿಯರಿಗೆ 200ರವರೆಗೆ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಹೇಳಿದೆ. ಗರ್ಭಿಣಿಯೊಬ್ಬರು ಈ ಕ್ಯಾನ್ ಕುಡಿದ್ರೆ ಅವತ್ತಿನ ಅರ್ಧ ಅದ್ರಲ್ಲೇ ಮುಗೀತು, ಉಳಿದ ಅರ್ಧದಲ್ಲಿ ಟೀ ಮತ್ತೆ ಚಾಕೊಲೇಟ್ ಕೂಡ ಸೇರಬೇಕು.