ಸ್ಪಾಸ್ಟಿಸಿಟಿ ಎಲ್ಲಿಂದ ಬರುತ್ತದೆ? ಮೇಲಿನ ಮತ್ತು ಕೆಳಗಿನ ಮೋಟಾರ್ ನ್ಯೂರಾನ್ ಹಾನಿಗಳು

ಮಿದುಳಿನ ತೊಗಟೆಯಿಂದ ಹೊರಟು ಬೆನ್ನುಹುರಿಯತ್ತ ಇಳಿಯುವ ಕಾರ್ಟಿಕೋಸ್ಪೈನಲ್ ಮಾರ್ಗವು ಮೇಲಿನ ಮೋಟಾರ್ ನ್ಯೂರಾನ್‌ಗಳ ಮುಖ್ಯ ದಾರಿಯಾಗಿದೆ. ಇದರ ಸುಮಾರು ಶೇ. 90ರಷ್ಟು ತಂತುಗಳು ಮಿದುಳುಕಾಂಡದ ಕೊನೆಯ ಭಾಗವಾದ ಮೆಡುಲ್ಲಾದ ಕೆಳಭಾಗದಲ್ಲಿ ಎದುರು ಬದಿಗೆ ದಾಟುವುದರಿಂದ, ಮಿದುಳಿನ ಹಾನಿ ಎದುರು ಬದಿಯಲ್ಲಿಯೂ ಬೆನ್ನುಹುರಿಯ ಹಾನಿ ಅದೇ ಬದಿಯಲ್ಲಿಯೂ ದೌರ್ಬಲ್ಯವನ್ನು ತೋರಿಸುತ್ತದೆ. ಬೆನ್ನುಹುರಿಯ ಮುಂಭಾಗದ ಕೋಶದಿಂದ ಸ್ನಾಯುವಿನವರೆಗೆ ಹೋಗುವುದು ಕೆಳಗಿನ ಮೋಟಾರ್ ನ್ಯೂರಾನ್.

ಸ್ನಾಯುವನ್ನು ವೇಗವಾಗಿ ಚಾಚಿದಷ್ಟೂ ಹೆಚ್ಚುವ ಬಿಗಿತವೇ ಸ್ಪಾಸ್ಟಿಸಿಟಿ. ಇದಕ್ಕೆ ಕಾರ್ಟಿಕೋಸ್ಪೈನಲ್ ಮಾರ್ಗದ ಹಾನಿಯೊಂದೇ ಕಾರಣವೆಂದು ನಾವು ಸಾಮಾನ್ಯವಾಗಿ ಓದುತ್ತೇವೆ. ಆದರೆ ಕೋತಿಗಳಲ್ಲಿ ಈ ಮಾರ್ಗ ಹಾದುಹೋಗುವ ಮೆಡುಲ್ಲಾದ ಪಿರಮಿಡ್ಡನ್ನು ಮಾತ್ರ ಕತ್ತರಿಸಿದಾಗ ಬೆರಳುಗಳ ಸೂಕ್ಷ್ಮ ಚಲನೆ ಹೋಯಿತೇ ವಿನಾ ಸ್ಪಾಸ್ಟಿಸಿಟಿ ಎದ್ದು ಕಾಣಲಿಲ್ಲ. ಸ್ನಾಯು ಹಿಗ್ಗಿದಾಗ ಏಳುವ ರಿಫ್ಲೆಕ್ಸನ್ನು ಹತೋಟಿಯಲ್ಲಿಡುವ ರೆಟಿಕ್ಯುಲೋಸ್ಪೈನಲ್ ತಂತುಗಳು ಬೆನ್ನುಹುರಿಯಲ್ಲಿ ಅದೇ ಮಾರ್ಗದ ಪಕ್ಕದಲ್ಲೇ ಸಾಗುವುದರಿಂದ, ರೋಗಿಯಲ್ಲಿ ಎರಡೂ ಒಟ್ಟಿಗೆ ಹಾಳಾಗುತ್ತವೆ. ಹೀಗಾಗಿ ಕೆಳಗಿನ ಪಟ್ಟಿಯ ಮೊದಲೆರಡು ಸಾಲುಗಳನ್ನು ಬೇರೆಬೇರೆಯಾಗಿ ಗ್ರಹಿಸಬೇಕು.

| ಅಂಶ | ಮೇಲಿನ ನ್ಯೂರಾನ್ ಹಾನಿ | ಕೆಳಗಿನ ನ್ಯೂರಾನ್ ಹಾನಿ |
|---|---|---|
| ಕಾರ್ಟಿಕೋಸ್ಪೈನಲ್ ಕಾರ್ಯ | ಆಜ್ಞೆ ತಲುಪದು. ಸೂಕ್ಷ್ಮ ಚಲನೆ ಕುಂದುತ್ತದೆ | ಆಜ್ಞೆ ಬೆನ್ನುಹುರಿಯವರೆಗೆ ಬರುತ್ತದೆ, ಸ್ನಾಯುವನ್ನು ಮುಟ್ಟದು |
| ಸ್ಪಾಸ್ಟಿಸಿಟಿ | ಇರುತ್ತದೆ. ವೇಗವಾಗಿ ಚಾಚಿದಷ್ಟೂ ತಡೆ ಹೆಚ್ಚು | ಇರುವುದಿಲ್ಲ. ಸ್ನಾಯು ಸಡಿಲ |
| ಆಳದ ರಿಫ್ಲೆಕ್ಸ್ | ಚುರುಕು | ಮಂದ ಅಥವಾ ಇಲ್ಲ |
| ಸ್ನಾಯು ಸವೆತ | ಅಲ್ಪ, ತಡವಾಗಿ | ಎದ್ದು ಕಾಣುತ್ತದೆ. ಸ್ನಾಯುವಿನ ಅದುರುವಿಕೆಯೂ ಇರಬಹುದು |
| ಬಾಬಿನ್ಸ್ಕಿ ಚಿಹ್ನೆ | ಅಂಗಾಲನ್ನು ಗೀರಿದಾಗ ಕಾಲಿನ ಹೆಬ್ಬೆರಳು ಮೇಲಕ್ಕೆ | ಮೇಲಕ್ಕೆ ಏಳದು |

ಈ ಪಟ್ಟಿ ಹಾನಿಯಾದ ಮೊದಲ ದಿನಗಳಿಗೆ ಅನ್ವಯಿಸದಿರಬಹುದು. ಬೆನ್ನುಹುರಿಗೆ ಹಠಾತ್ ಪೆಟ್ಟಾದಾಗ ಸ್ಪೈನಲ್ ಶಾಕ್‌ನಿಂದ ಕಾಲುಗಳು ಸಡಿಲವಾಗಿರುತ್ತವೆ, ರಿಫ್ಲೆಕ್ಸ್ ಸಿಗುವುದಿಲ್ಲ; ಸ್ಪಾಸ್ಟಿಸಿಟಿ ಮೂಡಲು ದಿನಗಳಿಂದ ವಾರಗಳು ಬೇಕು.

ಇನ್ನು ಎರಡೂ ಬಗೆಯ ಚಿಹ್ನೆಗಳು ಒಬ್ಬರಲ್ಲೇ ಕಾಣುವ ಒಂದು ಕಲ್ಪಿತ ಪ್ರಕರಣ. ನಡೆಯುವಾಗ ಕಾಲು ಬಿಗಿಯಾಗುತ್ತದೆ, ಅಂಗಿಯ ಗುಂಡಿ ಹಾಕಲು ಆಗುವುದಿಲ್ಲ ಎನ್ನುವ ರೋಗಿಯ ಮಣಿಕಟ್ಟಿನ ಮೇಲಿನ ಬ್ರೇಕಿಯೋರೇಡಿಯಾಲಿಸ್ ಸ್ನಾಯುರಜ್ಜುವನ್ನು ಸುತ್ತಿಗೆಯಿಂದ ತಟ್ಟಿದರೆ ಮೊಣಕೈ ಮಡಚುವುದಿಲ್ಲ, ಬದಲಿಗೆ ಬೆರಳುಗಳು ಮಡಚುತ್ತವೆ. ಮೊಣಕೈ ಮಡಚುವ ರಿಫ್ಲೆಕ್ಸ್ ಕುತ್ತಿಗೆಯ ಬೆನ್ನುಹುರಿಯ ಸಿ5–ಸಿ6 ಮಟ್ಟದ್ದು, ಬೆರಳುಗಳದು ಸಿ8ರದ್ದು. ಅಂದರೆ ಸಿ5–ಸಿ6ರಲ್ಲಿ ಬೆನ್ನುಹುರಿ ಒತ್ತಲ್ಪಟ್ಟು ಆ ಮಟ್ಟದ ಕೋಶ ಅಥವಾ ನರಮೂಲ ಸೋತಿದೆ. ಅದರ ಕೆಳಗಿನ ಮಟ್ಟಗಳು ಮೇಲಿನ ಹತೋಟಿ ತಪ್ಪಿ ಚುರುಕಾಗಿವೆ. ಟ್ರೈಸೆಪ್ಸ್ ಮತ್ತು ಮೊಣಕಾಲಿನ ರಿಫ್ಲೆಕ್ಸ್‌ಗಳು ಜೋರಾಗಿದ್ದು ಬಾಬಿನ್ಸ್ಕಿಯೂ ಸಿಕ್ಕರೆ ಈ ಓದು ಗಟ್ಟಿಯಾಗುತ್ತದೆ.

ನನ್ನ ಅಭಿಪ್ರಾಯದಲ್ಲಿ ಹಾನಿಯ ಮಟ್ಟವನ್ನು ಗುರುತಿಸಲು ಇಷ್ಟು ಸ್ಪಷ್ಟವಾದ ಚಿಹ್ನೆಗಳು ಹೆಚ್ಚಿಲ್ಲ. ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೆಯ ಕಶೇರುವಿನ ಆಸುಪಾಸಿನಲ್ಲೇ ಮುಗಿಯುವುದರಿಂದ, ಅದಕ್ಕಿಂತ ಕೆಳಗಿನ ಒತ್ತಡ ಕಾಲಿಗೆ ಸ್ಪಾಸ್ಟಿಸಿಟಿ ತರಲಾರದು. ಕಾಲಿನ ದೂರನ್ನೇ ನಂಬಿ ಸೊಂಟದ ಎಂಆರ್‌ಐ ಮಾತ್ರ ಮಾಡಿಸಿದರೆ ಕುತ್ತಿಗೆಯ ಹಾನಿ ಕಣ್ತಪ್ಪುತ್ತದೆ.