ಅಂಕಿ ಕೂಡಿದರೆ ಶೇಷ ಸಿಗುವುದು ಹೇಗೆ?

5736 ಅನ್ನು 9ರಿಂದ ಭಾಗಿಸಿದರೆ ಎಷ್ಟು ಉಳಿಯುತ್ತದೆ? ಭಾಗಾಕಾರ ಮಾಡಬೇಡಿ. ಸುಮ್ನೆ ಅಂಕಿಗಳನ್ನು ಕೂಡಿ: 5 + 7 + 3 + 6 = 21. ಬಂದದ್ದನ್ನು ಮತ್ತೆ ಕೂಡಿ: 2 + 1 = 3. ಉಳಿಯುವುದು 3. ಬೇಕಿದ್ದರೆ ತಾಳೆ ನೋಡಿ: 9 × 637 = 5733, ಅದಕ್ಕೆ 3 ಸೇರಿದರೆ 5736.

ಶಾಲೆಯಲ್ಲಿ ಸಾಮಾನ್ಯವಾಗಿ ಇದರ ಅರ್ಧವನ್ನಷ್ಟೇ ಹೇಳಿಕೊಡುತ್ತಾರೆ. ಅಂಕಿಗಳ ಮೊತ್ತ 9ರಿಂದ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತದೆ ಅಂತ. ಅದು ಸರಿಯೇ. ಆದರೆ ಮೊತ್ತ 9ರಿಂದ ಭಾಗವಾಗದಿದ್ದಾಗಲೂ ಅದು ಉಪಯೋಗಕ್ಕೆ ಬರುತ್ತದೆ. ಸಂಖ್ಯೆಯನ್ನು 9ರಿಂದ ಭಾಗಿಸಿದರೆ ಎಷ್ಟು ಉಳಿಯುತ್ತದೋ, ಅಂಕಿಗಳ ಮೊತ್ತವನ್ನು ಭಾಗಿಸಿದರೂ ಅಷ್ಟೇ ಉಳಿಯುತ್ತದೆ. ನನ್ನ ಮಟ್ಟಿಗೆ ಅಸಲಿ ಸಂಗತಿ ಇದು.

ಯಾಕೆ ಹೀಗೆ? ಸಂಖ್ಯೆಯನ್ನು ಬಿಚ್ಚಿ ನೋಡೋಣ. 5736 ಅಂದರೆ 5 ಸಾವಿರ, 7 ನೂರು, 3 ಹತ್ತು, 6 ಬಿಡಿ. ಈಗ ಹತ್ತನ್ನು 9 + 1 ಎಂದು ಬರೆಯಿರಿ. ನೂರನ್ನು 99 + 1, ಸಾವಿರವನ್ನು 999 + 1 ಎಂದು ಬರೆಯಿರಿ. ಒಂದೊಂದು ಸಾವಿರದಿಂದಲೂ 999 ತೆಗೆದಿಟ್ಟರೆ ಕೈಯಲ್ಲಿ ಉಳಿಯುವುದು ಒಂದೇ ಒಂದು. 5 ಸಾವಿರಕ್ಕೆ 5 ಉಳಿಯಿತು. 7 ನೂರಕ್ಕೆ 7, 3 ಹತ್ತಕ್ಕೆ 3, ಬಿಡಿಯ 6 ಹೇಗೂ ಇದೆ. ಉಳಿದದ್ದೆಲ್ಲ ಸೇರಿ 5 + 7 + 3 + 6. ಅದೇ ಅಂಕಿಗಳ ಮೊತ್ತ, ಅಲ್ವಾ? ತೆಗೆದಿಟ್ಟದ್ದು 4995 + 693 + 27, ಅಂದರೆ 5715. ಅದರಲ್ಲಿ ಪ್ರತಿ ತುಂಡೂ 9ರ ಮಗ್ಗಿಯದ್ದೇ, ಹಾಗಾಗಿ 9ರ ಲೆಕ್ಕದಲ್ಲಿ ಅದನ್ನು ಮರೆತುಬಿಡಬಹುದು.

3ಕ್ಕೆ ಬೇರೆ ವಿವರಣೆ ಬೇಕಿಲ್ಲ. 9ರಿಂದ ಭಾಗವಾಗುವ 5715, 3ರಿಂದಲೂ ಭಾಗವಾಗಲೇಬೇಕು. ಉಳಿದ 21 ಕೂಡ 3ರಿಂದ ಭಾಗವಾಗುತ್ತದೆ. ಹಾಗಾಗಿ 5736 ಕೂಡ ಆಗುತ್ತದೆ. 3ಕ್ಕೆ ನಡೆಯಿತು, 9ಕ್ಕೆ ನಡೆಯಿತು, ಇನ್ನು 27ಕ್ಕೂ ನಡೆಯಬಹುದು ಎಂದು ಕೆಲವರಿಗೆ ಅನ್ನಿಸುತ್ತದೆ. ನಡೆಯುವುದಿಲ್ಲ. 1899ರ ಅಂಕಿಗಳ ಮೊತ್ತ 27. ಆದರೆ 27 × 70 = 1890, ಇನ್ನೂ 9 ಉಳಿಯುತ್ತದೆ. ಹತ್ತನ್ನು 27ರಿಂದ ಭಾಗಿಸಿದರೆ 1 ಉಳಿಯುವುದಿಲ್ಲ, ಅಲ್ಲೇ ಈ ಉಪಾಯ ಕೈಕೊಡುತ್ತದೆ.

11ಕ್ಕೆ ಬಂದರೆ, ಹತ್ತು ಎಂಬುದು 11ಕ್ಕಿಂತ ಒಂದು ಕಡಿಮೆ. ನೂರು 99ಕ್ಕಿಂತ ಒಂದು ಜಾಸ್ತಿ. ಸಾವಿರ 1001ಕ್ಕಿಂತ ಒಂದು ಕಡಿಮೆ, ಮತ್ತು 1001 ಅಂದರೆ 11 × 91. ಹೀಗೆ ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ಆಗುತ್ತಾ ಹೋಗುತ್ತದೆ. ಅದಕ್ಕೇ ಇಲ್ಲಿ ಒಂದು ಅಂಕಿಯನ್ನು ಕೂಡಿ ಮುಂದಿನದನ್ನು ಕಳೆಯಬೇಕು. 5736ಕ್ಕೆ ಬಲಗಡೆಯಿಂದ: 6 − 3 + 7 − 5 = 5. ಶೇಷ 5. 11 × 521 = 5731, ಸರಿಹೋಯಿತು. ಉತ್ತರ ಸೊನ್ನೆಗಿಂತ ಕೆಳಗೆ ಹೋದರೆ 11 ಸೇರಿಸುತ್ತಾ ಬಂದರಾಯಿತು.

ಬಲಗಡೆಯಿಂದಲೇ ಶುರು ಮಾಡಬೇಕೆನ್ನುವುದಕ್ಕೆ ಕಾರಣವಿದೆ. ಎಡಗಡೆಯಿಂದ ಹೋದರೆ 5 − 7 + 3 − 6 = −5, 11 ಸೇರಿಸಿದರೆ 6. ಇದು ತಪ್ಪು ಶೇಷ. 11ರಿಂದ ಭಾಗವಾಗುತ್ತದೋ ಇಲ್ಲವೋ ಎಂದಷ್ಟೇ ತಿಳಿಯಬೇಕಾದರೆ ಎಡವಾದರೂ ಆದೀತು, ಬಲವಾದರೂ ಆದೀತು. ಶೇಷವೇ ಬೇಕೆಂದರೆ ಬಿಡಿ ಸ್ಥಾನಕ್ಕೆ ಕೂಡಿಸುವ ಚಿಹ್ನೆಯೇ ಇರಬೇಕು.

ಶೇಷ ಕೈಗೆ ಸಿಕ್ಕಮೇಲೆ ದೊಡ್ಡ ಗುಣಾಕಾರಗಳನ್ನು ಪರೀಕ್ಷಿಸಬಹುದು. 347 × 258 = 89526 ಎಂದು ಬಂತು ಅನ್ನಿ. ಮೊದಲು 9ರ ಪರೀಕ್ಷೆ. 347ರ ಅಂಕಿ ಕೂಡಿದರೆ 14, ಅದು 5. 258ಕ್ಕೆ 15, ಅದು 6. ಐದಾರಲಿ 30, ಅದು 3. ಈಗ 89526ರ ಅಂಕಿಗಳು: ಮೊತ್ತ 30, ಅದೂ 3. ತಾಳೆಯಾಯಿತು.

ಆದರೆ ಬರೆಯುವ ಅವಸರದಲ್ಲಿ ಪಕ್ಕಪಕ್ಕದ 5 ಮತ್ತು 2 ಅದಲುಬದಲಾಗಿ 89256 ಎಂದಾಗಿದ್ದರೆ? ಅಂಕಿಗಳು ಅವೇ, ಮೊತ್ತವೂ ಅದೇ. 9ರ ಪರೀಕ್ಷೆಗೆ ಇದು ಕಾಣುವುದೇ ಇಲ್ಲ. ಅಂಕಿಗಳು ಯಾವ ಕ್ರಮದಲ್ಲಿ ಕೂತಿವೆ ಅನ್ನುವುದು ಮೊತ್ತಕ್ಕೆ ಬೇಕಾಗಿಲ್ಲ ನೋಡಿ. 11 ಇಲ್ಲಿ ಗೆಲ್ಲುತ್ತದೆ. 347ಕ್ಕೆ 7 − 4 + 3 = 6, 258ಕ್ಕೆ 8 − 5 + 2 = 5. ಗುಣಿಸಿದರೆ 30, ಶೇಷ 8. ಸರಿಯಾದ 89526ಕ್ಕೆ 6 − 2 + 5 − 9 + 8 = 8. ತಪ್ಪಾದ 89256ಕ್ಕೆ 6 − 5 + 2 − 9 + 8 = 2. ಸಿಕ್ಕಿಬಿತ್ತು.

9ರ ಈ ಕುರುಡುತನವನ್ನೇ ಲೆಕ್ಕಪತ್ರ ನೋಡುವವರು ತಿರುಗಿಸಿ ಬಳಸುತ್ತಾರೆ. ಎರಡು ಕಡೆಯ ಮೊತ್ತ ತಾಳೆಯಾಗದೆ, ವ್ಯತ್ಯಾಸ 9ರಿಂದ ಭಾಗವಾದರೆ, ಎಲ್ಲೋ ಅಂಕಿಗಳು ಅದಲುಬದಲಾಗಿವೆಯೇ ಎಂದು ಮೊದಲು ಹುಡುಕುತ್ತಾರೆ. ನಮ್ಮ ಉದಾಹರಣೆಯಲ್ಲಿ ವ್ಯತ್ಯಾಸ 270, ಅಂದರೆ 90 × 3. ಆ 90 ಬರುವುದು 100 − 10ರಿಂದ. ಹಾಗಾಗಿ ತಪ್ಪು ನೂರು ಮತ್ತು ಹತ್ತರ ಸ್ಥಾನಗಳ ನಡುವೆ ಇರಬಹುದು, ಆ ಎರಡು ಅಂಕಿಗಳ ಅಂತರ 3 ಇರಬೇಕು. ಹುಡುಕುವ ಜಾಗ ಎಷ್ಟು ಚಿಕ್ಕದಾಯಿತು! ಆದರೂ ಇದು ಸುಳಿವು ಮಾತ್ರ, ಸಾಕ್ಷಿಯಲ್ಲ. 43 ಬರೆಯುವಲ್ಲಿ ಒಂದು ಸೊನ್ನೆ ಜಾಸ್ತಿ ಬಿದ್ದು 430 ಆದರೂ ವ್ಯತ್ಯಾಸ 387, ಅದೂ 9ರಿಂದ ಭಾಗವಾಗುತ್ತದೆ.

11ರ ಕಣ್ಣು ತಪ್ಪಿಸುವ ತಪ್ಪುಗಳೂ ಇವೆ. 89526ರಲ್ಲಿ ಒಂದು ಸ್ಥಾನ ಬಿಟ್ಟು ಕೂತಿರುವ 5 ಮತ್ತು 6 ಅದಲುಬದಲಾಗಿ 89625 ಆದರೆ, 5 − 2 + 6 − 9 + 8 = 8. ಕೂಡುವ ಸ್ಥಾನದ ಅಂಕಿ ಇನ್ನೊಂದು ಕೂಡುವ ಸ್ಥಾನಕ್ಕೇ ಹೋಗಿ ಕೂತಿತು, 11ಕ್ಕೆ ಗೊತ್ತಾಗಲಿಲ್ಲ. 9ಕ್ಕಂತೂ ಗೊತ್ತಾಗುವ ಮಾತೇ ಇಲ್ಲ. ಎರಡರ ವ್ಯತ್ಯಾಸ ನೋಡಿ: 99. ಎರಡೂ ಪರೀಕ್ಷೆ ಒಟ್ಟಿಗೆ ಮಾಡಿದರೆ, ತಪ್ಪಿಸಿಕೊಳ್ಳುವುದು 99ರ ಮಗ್ಗಿಯ ತಪ್ಪುಗಳು ಮಾತ್ರ.

ಹಾಗಾದರೆ ನೇರವಾಗಿ 99ರ ಶೇಷವನ್ನೇ ತೆಗೆಯಬಹುದಲ್ಲ? ತೆಗೆಯಬಹುದು. ನೂರು ಅಂದರೆ 99 + 1 ತಾನೇ, ಬಲಗಡೆಯಿಂದ ಎರಡೆರಡು ಅಂಕಿಗಳ ಜೋಡಿ ಮಾಡಿ ಕೂಡಿದರೆ ಸಾಕು. 8 + 95 + 26 = 129, ಮತ್ತೆ 1 + 29 = 30. ಈ 30ರಲ್ಲಿ 9ರ ಶೇಷ 3, 11ರ ಶೇಷ 8. ಎರಡೂ ಒಂದೇ ಸಲಕ್ಕೆ ಬಂದವು.

ಇಷ್ಟೆಲ್ಲ ನಡೆಯುವುದು ನಾವು ಹತ್ತರ ಗುಂಪಿನಲ್ಲಿ ಬರೆಯುವುದರಿಂದ. 3ಕ್ಕಾಗಲಿ 9ಕ್ಕಾಗಲಿ ಸ್ವಂತ ಮಹಿಮೆ ಏನೂ ಇಲ್ಲ. ಎಂಟರ ಗುಂಪಿನಲ್ಲಿ ಬರೆದರೆ ಅಂಕಿ ಕೂಡುವ ಪರೀಕ್ಷೆ 7ರ ಪಾಲಾಗುತ್ತದೆ, ಯಾಕೆಂದರೆ 8 = 7 + 1. ಅಲ್ಲಿ ನಮ್ಮ ಇಪ್ಪತ್ತೊಂದನ್ನು 25 ಎಂದು ಬರೆಯಬೇಕು: ಎರಡು ಎಂಟು, ಐದು ಬಿಡಿ. ಅಂಕಿ ಕೂಡಿದರೆ 7, ಇಪ್ಪತ್ತೊಂದು 7ರಿಂದ ಭಾಗವಾಗುತ್ತದೆ, ಸರಿ. 3ರಿಂದಲೂ ಭಾಗವಾಗುತ್ತದೆ, ಆದರೆ ಅಂಕಿಗಳ ಮೊತ್ತದಲ್ಲಿ ಅದು ಕಾಣುವುದಿಲ್ಲ. ಎಂಟು 9ಕ್ಕಿಂತ ಒಂದು ಕಡಿಮೆ, ಹಾಗಾಗಿ ಅಲ್ಲಿ 3 ಮತ್ತು 9ಕ್ಕೆ ಕೂಡಿ-ಕಳೆಯುವ ಪರೀಕ್ಷೆ ಬೇಕು: 5 − 2 = 3.