ಡೋಸ್ ಏರಿಸಿದರೆ ಅಂಡಾಣು ಹೆಚ್ಚುತ್ತವೆಯೇ? ಐವಿಎಫ್‌ನ ಒಂದು ಹಳೇ ಪ್ರಶ್ನೆಯ ಕತೆ

ಐವಿಎಫ್ ಶುರುವಾಗುವುದು ಮುಟ್ಟಿನ ಎರಡನೇ ಅಥವಾ ಮೂರನೇ ದಿನದ ಸ್ಕ್ಯಾನ್‌ನಿಂದ. ಡಾಕ್ಟರ್ ಪರದೆ ನೋಡುತ್ತಾ ಎರಡೂ ಅಂಡಾಶಯಗಳಲ್ಲಿರುವ ಪುಟ್ಟ ಕಪ್ಪು ಚುಕ್ಕೆಗಳನ್ನು ಎಣಿಸುತ್ತಾರೆ. ಅವು ಫಾಲಿಕಲ್‌ಗಳು, ಅಂದರೆ ಅಂಡಾಣು ಬೆಳೆಯುವ ನೀರಿನ ಚೀಲಗಳು. ಕೆಲವರಲ್ಲಿ ಹದಿನೈದು ಸಿಗುತ್ತವೆ. ಕೆಲವರಲ್ಲಿ ಎರಡೂ ಕಡೆ ಸೇರಿ ನಾಲ್ಕೇ. ಈ ನಾಲ್ಕರವರಿಗೆ ಕ್ಲಿನಿಕ್‌ಗಳಲ್ಲಿ ಸಿಗುವ ಹೆಸರು 'ಪೂರ್ ರೆಸ್ಪಾಂಡರ್', ಅಂದರೆ ಅಂಡಾಣು ಬೆಳೆಸುವ ಇಂಜೆಕ್ಷನ್‌ಗೆ ಕಮ್ಮಿ ಸ್ಪಂದಿಸುವವರು. ಅವರ ಕಿವಿಗೆ ಮೊದಲು ಬೀಳುವ ಮಾತು, "ಡೋಸ್ ಸ್ವಲ್ಪ ಜಾಸ್ತಿ ಮಾಡಿ ನೋಡೋಣ." ಈ ಮಾತಿಗೆ ನಲವತ್ತು ವರ್ಷಗಳ ಇತಿಹಾಸವಿದೆ. ಅದನ್ನು ತಿಳಿದುಕೊಂಡರೆ ಮುಂದಿನ ನಿರ್ಧಾರಗಳು ಸ್ವಲ್ಪ ಸುಲಭವಾಗುತ್ತವೆ.

1978ರ ಜುಲೈ 25ರಂದು ಇಂಗ್ಲೆಂಡ್‌ನಲ್ಲಿ ಹುಟ್ಟಿದ ಲೂಯಿಸ್ ಬ್ರೌನ್ ಬಂದಿದ್ದು ಒಂದೇ ಒಂದು ಅಂಡಾಣುವಿನಿಂದ. ಆ ತಿಂಗಳು ತಾಯಿಯ ದೇಹ ತಾನಾಗಿ ಬೆಳೆಸಿದ ಅಂಡಾಣುವನ್ನು ತೆಗೆದಿದ್ದರು, ಬೆಳೆಸುವ ಔಷಧ ಕೊಟ್ಟಿರಲಿಲ್ಲ. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತಾದಲ್ಲಿ ಡಾ. ಸುಭಾಷ್ ಮುಖರ್ಜಿ ಅವರ ಪ್ರಯತ್ನದಿಂದ ಹುಟ್ಟಿದ ಮಗುವಿನ ವಿಷಯದಲ್ಲಿ ದಾರಿ ಬೇರೆಯಿತ್ತು. ಅವರು ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಒಂದಕ್ಕಿಂತ ಹೆಚ್ಚು ಅಂಡಾಣು ಬೆಳೆಸಿದ್ದರು. ಬದುಕಿದ್ದಾಗ ಅವರ ಮಾತನ್ನು ಇಲ್ಲಿ ಯಾರೂ ನಂಬಲಿಲ್ಲ. 1981ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಎಷ್ಟೋ ವರ್ಷ ಕಳೆದ ಮೇಲೆ ಅವರ ಟಿಪ್ಪಣಿಗಳನ್ನು ಓದಿ, ಈ ಕೆಲಸ ನಿಜವೆಂದು ಸಾರಿ ಹೇಳಿದವರು ಬೆಂಗಳೂರಿನಲ್ಲಿ ನೆಲೆಸಿದ್ದ ವಿಜ್ಞಾನಿ ಟಿ.ಸಿ. ಆನಂದ್ ಕುಮಾರ್. ಭಾರತದ ಮೊದಲ ಅಧಿಕೃತ ಪ್ರನಾಳ ಶಿಶು ತಮ್ಮ ತಂಡದ್ದೇ ಎಂಬ ಹೆಸರಿದ್ದೂ ಆ ಗೌರವವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟರು. ಅಂಥ ದೊಡ್ಡತನ ಅಪರೂಪ.

1981ರಲ್ಲಿ ಅಮೆರಿಕದ ನಾರ್ಫೋಕ್‌ನಲ್ಲಿ ಜಾರ್ಜಿಯಾನಾ ಮತ್ತು ಹೊವಾರ್ಡ್ ಜೋನ್ಸ್ ದಂಪತಿಯ ತಂಡವೂ ಇಂಜೆಕ್ಷನ್ ಕೊಟ್ಟೇ ಗೆದ್ದಿತು. ಮುಟ್ಟು ನಿಂತ ಹೆಂಗಸರ ಮೂತ್ರದಿಂದ ತೆಗೆದ ಹಾರ್ಮೋನ್ ಅದು. ಅಲ್ಲಿಂದ ಮುಂದೆ ಎಲ್ಲರಿಗೂ ಇಂಜೆಕ್ಷನ್ ಕೊಡುವುದೇ ರೂಢಿಯಾಯಿತು. ಆಗಲೇ ಹೊಸ ಸಮಸ್ಯೆ ಕಣ್ಣಿಗೆ ಬಿದ್ದಿದ್ದು. ಒಂದೇ ಔಷಧ, ಒಂದೇ ಡೋಸ್, ಆದರೆ ಕೆಲವರಲ್ಲಿ ಎರಡು-ಮೂರಕ್ಕಿಂತ ಹೆಚ್ಚು ಅಂಡಾಣು ಬರುತ್ತಿರಲಿಲ್ಲ. 1983ರಲ್ಲೇ ನಾರ್ಫೋಕ್ ತಂಡ ಇಂಥವರನ್ನು ಪ್ರತ್ಯೇಕವಾಗಿ ಗುರುತಿಸಿ ಬರೆಯಿತು.

ಔಷಧ ಸಾಲಲಿಲ್ಲ ಅಂದರೆ ಹೆಚ್ಚು ಕೊಡೋಣ ಅಂತ ಯಾರಿಗಾದರೂ ಅನಿಸುತ್ತದೆ. ಆಗ ಒಂದು ಆಂಪ್ಯೂಲ್‌ನಲ್ಲಿ 75 ಯೂನಿಟ್ ಇರುತ್ತಿತ್ತು. ದಿನಕ್ಕೆ ಎರಡು ಇದ್ದದ್ದು ನಾಲ್ಕಾಯಿತು, ಆರಾಯಿತು. ಆರು ಅಂದರೆ 450 ಯೂನಿಟ್. 1993ರಲ್ಲಿ ನೆದರ್ಲೆಂಡ್ಸ್‌ನ ಒಂದು ಚಿಕ್ಕ ಅಧ್ಯಯನ ಈ ನಂಬಿಕೆಯನ್ನು ಪರೀಕ್ಷೆಗೆ ಹಚ್ಚಿತು. ಚಿಕಿತ್ಸೆಯ ಮಧ್ಯೆ ಸರಿಯಾಗಿ ಸ್ಪಂದಿಸದವರಲ್ಲಿ ಅರ್ಧ ಜನಕ್ಕೆ ಡೋಸ್ ಎರಡು ಪಟ್ಟು ಮಾಡಿದರು, ಉಳಿದವರಿಗೆ ಹಾಗೇ ಬಿಟ್ಟರು. ವ್ಯತ್ಯಾಸವೇ ಕಾಣಲಿಲ್ಲ. ಆದರೂ ರೂಢಿ ಬದಲಾಗಲಿಲ್ಲ.

ಯಾಕೆ ಹೀಗೆ ಅನ್ನುವುದು ಅರ್ಥವಾಗಬೇಕಾದರೆ ಇಂಜೆಕ್ಷನ್ ಏನು ಮಾಡುತ್ತದೆ ಅಂತ ನೋಡಬೇಕು. ಅದು ಹೊಸ ಅಂಡಾಣು ಹುಟ್ಟಿಸುವುದಿಲ್ಲ. ಹೆಣ್ಣುಮಗು ಹುಟ್ಟುವಾಗಲೇ ಅವಳ ಅಂಡಾಣುಗಳೆಲ್ಲ ದೇಹದಲ್ಲಿ ಇರುತ್ತವೆ. ಅದರಿಂದ ಒಂದು ಗುಂಪು ಎದ್ದು, ತಿಂಗಳುಗಟ್ಟಲೆ ನಿಧಾನವಾಗಿ ಬೆಳೆದು, ಈ ತಿಂಗಳ ಸ್ಕ್ಯಾನ್‌ನಲ್ಲಿ ಕಾಣುವಷ್ಟು ದೊಡ್ಡದಾಗುತ್ತದೆ. ಸಹಜವಾಗಿ ಆ ಗುಂಪಿನಲ್ಲಿ ಒಂದು ಮಾತ್ರ ಪೂರ್ತಿ ಬೆಳೆಯುತ್ತದೆ, ಮಿಕ್ಕವು ಬಾಡುತ್ತವೆ. ಹಾಗೆ ಬಾಡಿಹೋಗುವವನ್ನು ಉಳಿಸಿಕೊಳ್ಳುವುದಷ್ಟೇ ಇಂಜೆಕ್ಷನ್‌ನ ಕೆಲಸ. ಬಿತ್ತಿದ್ದೇ ನಾಲ್ಕು ಕಾಳಾದರೆ ಎಷ್ಟು ನೀರು ಬಿಟ್ಟರೂ ಮೊಳೆಯೋದು ನಾಲ್ಕೇ, ಅಲ್ವಾ?

ಡೋಸ್ ಒಂದು ಕಡೆ ಏರುತ್ತಿದ್ದರೆ ಇನ್ನೊಂದು ಕಡೆ ಪ್ರೋಟೋಕಾಲ್‌ಗಳು, ಅಂದರೆ ಔಷಧ ಕೊಡುವ ಕ್ರಮಗಳು, ಬದಲಾಗುತ್ತಿದ್ದವು. ಎಂಬತ್ತರ ದಶಕದಲ್ಲಿ 'ಲಾಂಗ್ ಪ್ರೋಟೋಕಾಲ್' ಬಂತು. ಮೊದಲು ದೇಹದ ಸ್ವಂತ ಹಾರ್ಮೋನ್ ಅಡಗಿಸಿ, ಆಮೇಲೆ ಹೊರಗಿನಿಂದ ಕೊಡುವುದು. ಮೊದಲೇ ಕಮ್ಮಿ ಸ್ಪಂದಿಸುವ ಅಂಡಾಶಯ ಇದರಿಂದ ಇನ್ನೂ ಮಂಕಾಗುತ್ತದೆ ಅನ್ನುವ ಆತಂಕ ಕೆಲವರಿಗಿತ್ತು. ಹಾಗಾಗಿ ತೊಂಬತ್ತರ ದಶಕದಲ್ಲಿ ಅದೇ ಔಷಧವನ್ನು ಅತಿ ಕಡಿಮೆ ಪ್ರಮಾಣದಲ್ಲಿ ಕೊಟ್ಟು, ಅಡಗಿಸುವ ಬದಲು ಕೆರಳಿಸುವ 'ಮೈಕ್ರೋಡೋಸ್ ಫ್ಲೇರ್' ಬಂತು. 2000ದ ಆಸುಪಾಸಿನಲ್ಲಿ ಬಂದ 'ಆಂಟಗೊನಿಸ್ಟ್' ಪ್ರೋಟೋಕಾಲ್ ಇವತ್ತು ಹೆಚ್ಚು ಬಳಕೆಯಲ್ಲಿದೆ. ಅದರಲ್ಲಿ ದಿನಗಳು ಕಮ್ಮಿ, ಇಂಜೆಕ್ಷನ್ ಕಮ್ಮಿ. ನಿಜವಾದ ಲಾಭ ಅದೇ. ಅಂಡಾಣುಗಳ ಲೆಕ್ಕದಲ್ಲಿ ದೊಡ್ಡ ಬದಲಾವಣೆ ಇಲ್ಲ.

ಜೊತೆಗೆ ಸೇರಿಸುವ ಔಷಧಗಳದ್ದು ಬೇರೆಯೇ ಕತೆ. ಡಿಎಚ್‌ಇಎ ಎಂಬ ಹಾರ್ಮೋನ್ ಮಾತ್ರೆ 2000ದ ಸುಮಾರಿಗೆ ಬೆರಳೆಣಿಕೆಯ ರೋಗಿಗಳಲ್ಲಿ ಚೆನ್ನಾಗಿ ಕಂಡಿತು. ಅಷ್ಟಕ್ಕೇ ಊರೆಲ್ಲ ಹಬ್ಬಿತು. ಗ್ರೋತ್ ಹಾರ್ಮೋನ್ ದುಬಾರಿ. 2019ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾ-ನ್ಯೂಜಿಲೆಂಡ್‌ನ ಅಧ್ಯಯನದಲ್ಲಿ ಅದನ್ನು ಪಡೆದವರಲ್ಲಿ 14.5%, ಸುಮ್ನೆ ನಕಲಿ ಇಂಜೆಕ್ಷನ್ ಪಡೆದವರಲ್ಲಿ 13.7% ಮಂದಿಗೆ ಮಗುವಾಯಿತು. ಅಧ್ಯಯನ ಚಿಕ್ಕದು, 130 ಹೆಂಗಸರದ್ದು. ಹಾಗಾಗಿ ಇದೇ ಕೊನೆಯ ಮಾತಲ್ಲ. ಆದರೆ ಸಾಲ ಮಾಡಿ ಕೊಂಡುಕೊಳ್ಳುವಂಥ ಭರವಸೆಯೂ ಇದರಲ್ಲಿ ಕಾಣುವುದಿಲ್ಲ. ರೋಗಿಯ ರಕ್ತದಿಂದಲೇ ತೆಗೆದ ಪ್ಲೇಟ್‌ಲೆಟ್ ದ್ರವವಾದ ಪಿಆರ್‌ಪಿಯನ್ನು ಅಂಡಾಶಯಕ್ಕೆ ಚುಚ್ಚುವುದು ಈಚಿನದು. ಅದನ್ನು ರೂಢಿಯ ಚಿಕಿತ್ಸೆಯಾಗಿ ಕೊಡಬೇಡಿ ಅಂತ ಯುರೋಪಿನ ತಜ್ಞರ ಸಂಘ ಈಎಸ್‌ಎಚ್‌ಆರ್‌ಈ 2023ರಲ್ಲಿ ಹೇಳಿದೆ.

ಇಷ್ಟೆಲ್ಲ ಪ್ರಯೋಗ ನಡೆದರೂ ಉತ್ತರ ಸ್ಪಷ್ಟವಾಗದೇ ಇರಲು ಒಂದು ವಿಚಿತ್ರ ಕಾರಣವಿತ್ತು. 2011ರಲ್ಲಿ ಇಬ್ಬರು ಸಂಶೋಧಕರು ಪೂರ್ ರೆಸ್ಪಾಂಡರ್‌ಗಳ ಮೇಲೆ ನಡೆದ 47 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದರು. ಅವುಗಳಲ್ಲಿ ಯಾರನ್ನು ಪೂರ್ ರೆಸ್ಪಾಂಡರ್ ಅನ್ನಬೇಕು ಅನ್ನುವುದಕ್ಕೆ 41 ಬೇರೆ ಬೇರೆ ಅಳತೆಗಳಿದ್ದವು! ಒಬ್ಬರ ಪ್ರಯೋಗದ ಫಲವನ್ನು ಇನ್ನೊಬ್ಬರದಕ್ಕೆ ಹೋಲಿಸುವುದೇ ಆಗದ ಮಾತು. ಅದೇ ವರ್ಷ 'ಬೊಲೋನ್ಯಾ ಮಾನದಂಡ' ಬಂತು. ವಯಸ್ಸು 40 ಅಥವಾ ಅದಕ್ಕಿಂತ ಹೆಚ್ಚು ಇರುವುದು ಇಲ್ಲವೇ ಬೇರೆ ಅಪಾಯದ ಅಂಶ, ಹಿಂದಿನ ಸೈಕಲ್‌ನಲ್ಲಿ ಅಂದರೆ ಹಿಂದಿನ ಸುತ್ತಿನ ಚಿಕಿತ್ಸೆಯಲ್ಲಿ ಮೂರೋ ಅದಕ್ಕಿಂತ ಕಮ್ಮಿಯೋ ಅಂಡಾಣು, ಟೆಸ್ಟ್‌ನಲ್ಲಿ ಅಂಡಾಣುಗಳ ಕಮ್ಮಿ ದಾಸ್ತಾನು: ಈ ಮೂರರಲ್ಲಿ ಎರಡು ಇರಬೇಕು. 2016ರಲ್ಲಿ ಬಂದ 'ಪೊಸೈಡನ್' ವಿಂಗಡಣೆ 35 ವರ್ಷದ ಗೆರೆ ಎಳೆದು, ಚಿಕ್ಕವರನ್ನೂ ದೊಡ್ಡವರನ್ನೂ ಬೇರೆ ಮಾಡಿತು. ನನ್ನ ಪ್ರಕಾರ ಈ ಇತಿಹಾಸದಲ್ಲಿ ರೋಗಿಗೆ ಎಲ್ಲಕ್ಕಿಂತ ಉಪಯೋಗವಾದ ಹೆಜ್ಜೆ ಇದು. ಕಾರಣ ಮುಂದೆ ಹೇಳುತ್ತೇನೆ.

2017ರಲ್ಲಿ ಡೋಸ್ ಪ್ರಶ್ನೆಗೆ ದೊಡ್ಡ ಉತ್ತರ ಬಂತು. ನೆದರ್ಲೆಂಡ್ಸ್‌ನ 'ಆಪ್ಟಿಮಿಸ್ಟ್' ಅಧ್ಯಯನದಲ್ಲಿ ಫಾಲಿಕಲ್ ಕಮ್ಮಿ ಇದ್ದ 511 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸಾಮಾನ್ಯ 150 ಯೂನಿಟ್, ಇನ್ನೊಂದಕ್ಕೆ 225 ಅಥವಾ 450 ಕೊಟ್ಟರು. ಒಂದೂವರೆ ವರ್ಷ ಕಾದು ನೋಡಿದರು. ಹೆಚ್ಚಿನ ಡೋಸ್ ಪಡೆದವರಲ್ಲಿ 42.4%, ಸಾಮಾನ್ಯ ಡೋಸ್‌ನವರಲ್ಲಿ 44.8% ಮಂದಿಗೆ ಮಗುವಾಯಿತು. ಖರ್ಚು ಮಾತ್ರ ಹೆಚ್ಚಿನ ಡೋಸ್‌ನಲ್ಲೇ ಜಾಸ್ತಿ. ಈಎಸ್‌ಎಚ್‌ಆರ್‌ಈ 2019ರ ಮಾರ್ಗಸೂಚಿಯಲ್ಲಿ ದಿನಕ್ಕೆ 300 ಯೂನಿಟ್ ಮೀರಬೇಡಿ ಅಂದಿತು. ಯಾರಾದರೂ 450 ಬರೆದರೆ "ಇದರಿಂದ ನನಗೇನು ಹೆಚ್ಚು ಸಿಗುತ್ತೆ ಡಾಕ್ಟರೇ?" ಅಂತ ಕೇಳುವ ಹಕ್ಕು ರೋಗಿಗಿದೆ.

ಈಗ ಒಂದು ಲೆಕ್ಕ ಮಾಡಿ ನೋಡೋಣ. ಉದಾಹರಣೆಗೆ 38 ವರ್ಷದ ಹೆಂಗಸು, ಫಾಲಿಕಲ್ ನಾಲ್ಕು, ಅಂಡಾಣು ದಾಸ್ತಾನು ತೋರಿಸುವ ರಕ್ತಪರೀಕ್ಷೆಯಾದ ಎಎಂಎಚ್ 0.6. ಆಂಟಗೊನಿಸ್ಟ್ ಪ್ರೋಟೋಕಾಲ್, ದಿನಕ್ಕೆ 300 ಯೂನಿಟ್. ಹತ್ತನೇ ದಿನದ ಹೊತ್ತಿಗೆ ಮೂರು ಫಾಲಿಕಲ್ 18 ಮಿಲಿಮೀಟರ್ ಮುಟ್ಟುತ್ತವೆ, ಒಂದು ಹಿಂದೆ ಬೀಳುತ್ತದೆ. ರಾತ್ರಿ ಅಂಡಾಣು ಬಲಿಯಲು ಟ್ರಿಗರ್ ಇಂಜೆಕ್ಷನ್, ಸುಮಾರು 36 ಗಂಟೆ ಬಿಟ್ಟು ಪಿಕಪ್, ಅಂದರೆ ಅಂಡಾಣು ಹೊರತೆಗೆಯುವುದು. ಮೂರು ಅಂಡಾಣು ಸಿಗುತ್ತವೆ. ಒಂದು ಬಲಿತಿರುವುದಿಲ್ಲ. ಉಳಿದ ಎರಡಕ್ಕೆ ವೀರ್ಯಾಣು ಚುಚ್ಚಿದರೆ ಒಂದು ಫಲಿತವಾಗುತ್ತದೆ. ಮೂರನೇ ದಿನಕ್ಕೆ ಕೈಯಲ್ಲಿರುವುದು ಒಂದು ಭ್ರೂಣ. ಈ ವಯಸ್ಸಿನಲ್ಲಿ ಐದನೇ ದಿನಕ್ಕೆ ಬೆಳೆದ ಭ್ರೂಣಗಳಲ್ಲೂ ಸುಮಾರು ಅರ್ಧದಷ್ಟರ ಕ್ರೋಮೋಸೋಮ್ ಸರಿ ಇರುವುದಿಲ್ಲ. ಇಲ್ಲಿ ಯಾರೂ ತಪ್ಪು ಮಾಡಿಲ್ಲ. ಪ್ರತಿ ಹಂತದಲ್ಲೂ ಒಂದಷ್ಟು ಉದುರುವುದು ಸಹಜ. ಹದಿನೈದರಿಂದ ಶುರು ಮಾಡಿದವರಿಗೆ ಅದು ತಡೆಯುತ್ತದೆ, ಮೂರರಿಂದ ಶುರು ಮಾಡಿದವರಿಗೆ ತಡೆಯುವುದಿಲ್ಲ, ಅಷ್ಟೇ.

ವಯಸ್ಸಿನ ಗೆರೆ ಮುಖ್ಯ ಅಂದದ್ದು ಇದಕ್ಕೇ. ಎಎಂಎಚ್ ಹೇಳುವುದು ಎಷ್ಟು ಅಂಡಾಣು ಅಂತ. ಅವು ಎಂಥವು ಅನ್ನುವುದನ್ನು ಹೇಳುವುದು ವಯಸ್ಸು. 2012ರಲ್ಲಿ ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ಕಮ್ಮಿ ಸ್ಪಂದಿಸಿದರೂ ವಯಸ್ಸು ಚಿಕ್ಕದಿದ್ದವರಲ್ಲಿ ಒಂದು ಸೈಕಲ್‌ಗೆ ಗರ್ಭ ನಿಲ್ಲುವ ಪ್ರಮಾಣ 13ರಿಂದ 35% ಇತ್ತು. ದೊಡ್ಡವರಲ್ಲಿ 1.5ರಿಂದ 12.7%. ಎಎಂಎಚ್ 0.6 ಇರುವ 31ರ ಹುಡುಗಿ ಮತ್ತು ಅದೇ 0.6 ಇರುವ 43ರ ಹೆಂಗಸು ಒಂದೇ ಬೆಂಚಿನಲ್ಲಿ ಕೂತಿದ್ದರೂ ಅವರಿಗೆ ಹೇಳಬೇಕಾದ ಮಾತು ಒಂದೇ ಅಲ್ಲ. ಮೊದಲನೆಯವಳಿಗೆ ಹೆದರಿಸಿ ತಕ್ಷಣ ಡೋನರ್ ಎಗ್ ಕಡೆ ತಳ್ಳುವುದು ಅನ್ಯಾಯ. ಎರಡನೆಯವರಿಗೆ "ಇನ್ನೊಂದು ಸಲ ನೋಡೋಣ" ಅಂತ ಮತ್ತೆ ಮತ್ತೆ ಹೇಳುವುದೂ ಅನ್ಯಾಯ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಎಎಂಎಚ್ ಕಮ್ಮಿ ಅಂದರೆ ಸಹಜವಾಗಿ ಬಸಿರಾಗಲ್ಲ ಅಂತಲ್ಲ. 2017ರಲ್ಲಿ ಅಮೆರಿಕದಲ್ಲಿ, ಬಂಜೆತನದ ಹಿನ್ನೆಲೆಯಿಲ್ಲದ 30ರಿಂದ 44 ವರ್ಷದ ಹೆಂಗಸರನ್ನು ನೋಡಿದಾಗ, ಎಎಂಎಚ್ ಕಮ್ಮಿ ಇದ್ದವರೂ ಉಳಿದವರಷ್ಟೇ ಸಹಜವಾಗಿ ಬಸಿರಾಗಿದ್ದರು. ತಿಂಗಳಿಗೆ ಬೇಕಾದದ್ದು ಒಂದೇ ಅಂಡಾಣು ತಾನೇ. ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಬಂದ ಒಂದು ಸಂಖ್ಯೆ ನೋಡಿ ನಿದ್ದೆ ಕೆಡಿಸಿಕೊಳ್ಳುವವರಿಗೆ ಇದನ್ನು ಯಾರಾದರೂ ಹೇಳಬೇಕು.

ಪ್ರಾಮಾಣಿಕ ಸಮಾಲೋಚನೆ ಅಂದರೆ ಮೊದಲನೆಯದಾಗಿ ಲೆಕ್ಕವನ್ನು ಸರಿಯಾದ ಜಾಗದಿಂದ ಶುರು ಮಾಡುವುದು. ಗೋಡೆ ಮೇಲಿನ ಬೋರ್ಡಿನಲ್ಲಿ ಕಾಣುವ ಯಶಸ್ಸಿನ ಪ್ರಮಾಣ ಎಷ್ಟೋ ಸಲ ಭ್ರೂಣ ವರ್ಗಾವಣೆಯಾದವರ ಲೆಕ್ಕ. ಪೂರ್ ರೆಸ್ಪಾಂಡರ್‌ಗಳಲ್ಲಿ ಹಲವರು ಅಲ್ಲಿಯವರೆಗೆ ತಲುಪುವುದೇ ಇಲ್ಲ. ಕೆಲವರ ಸೈಕಲ್ ನಡುವೆಯೇ ರದ್ದಾಗುತ್ತದೆ, ಕೆಲವರಿಗೆ ಪಿಕಪ್‌ನಲ್ಲಿ ಏನೂ ಸಿಗುವುದಿಲ್ಲ. ಹಾಗಾಗಿ ಕೇಳಬೇಕಾದದ್ದು, "ನನ್ನ ವಯಸ್ಸಿನ, ನನ್ನಷ್ಟೇ ಫಾಲಿಕಲ್ ಇರುವ ನೂರು ಜನ ಇಂಜೆಕ್ಷನ್ ಶುರು ಮಾಡಿದರೆ ಎಷ್ಟು ಜನ ಮಗು ಎತ್ತಿಕೊಂಡು ಮನೆಗೆ ಹೋಗ್ತಾರೆ?"

ಎರಡನೆಯದು, ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಶುರು ಮಾಡುವ ಮುಂಚೆಯೇ ಗಂಡ ಹೆಂಡತಿ ಕೂತು ಮಾತಾಡಿ, ಡಾಕ್ಟರ ಫೈಲಿನಲ್ಲೂ ಬರೆಸುವುದು. ಫಾಲಿಕಲ್ ಒಂದೇ ಬೆಳೆದರೆ ಪಿಕಪ್ ಮಾಡಿಸಬೇಕಾ, ರದ್ದು ಮಾಡಬೇಕಾ? ಎರಡು ಸೈಕಲ್ ಆದ ಮೇಲೂ ಭ್ರೂಣ ಬರದಿದ್ದರೆ? ನೆಗೆಟಿವ್ ರಿಪೋರ್ಟ್ ಕೈಯಲ್ಲಿ ಹಿಡಿದ ದಿನ ಈ ಪ್ರಶ್ನೆಗಳಿಗೆ ಯಾರೂ ಸಮಾಧಾನದಿಂದ ಉತ್ತರ ಹೇಳಲಾರರು.

ಡೋನರ್ ಎಗ್ ವಿಷಯವನ್ನು ಮೊದಲ ಭೇಟಿಯಲ್ಲೇ ಒಂದು ದಾರಿಯಾಗಿ ಹೇಳಬೇಕು, ಆದರೆ ಒತ್ತಾಯ ಮಾಡಬಾರದು. ಅಲ್ಲೂ ಕಾನೂನಿನ ಮಿತಿಗಳಿವೆ. ಐವಿಎಫ್‌ನಂಥ ಚಿಕಿತ್ಸೆಗಳಿಗಾಗಿ ಇರುವ 2021ರ ಎಆರ್‌ಟಿ ಕಾಯ್ದೆಯ ಪ್ರಕಾರ ದಾನಿಗೆ 23ರಿಂದ 35 ವರ್ಷ ಆಗಿರಬೇಕು, ಜೀವನದಲ್ಲಿ ಒಂದೇ ಸಲ ದಾನ ಮಾಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. ಪಡೆಯುವವರಿಗೂ 50ರ ಮಿತಿಯಿದೆ. ದತ್ತು ತೆಗೆದುಕೊಳ್ಳುವ ಯೋಚನೆ ಇದ್ದರೆ ಅದಕ್ಕೂ ಗಡಿಯಾರ ಓಡುತ್ತಿರುತ್ತದೆ. 2022ರ ನಿಯಮದಂತೆ ಎರಡು ವರ್ಷದೊಳಗಿನ ಮಗು ಬೇಕಾದರೆ ದಂಪತಿಯ ಒಟ್ಟು ವಯಸ್ಸು 85 ಮೀರಿರಬಾರದು. 41ರ ಹೆಂಡತಿ, 43ರ ಗಂಡ ಇನ್ನೊಂದು ವರ್ಷ ಸೈಕಲ್ ಮೇಲೆ ಸೈಕಲ್ ಮಾಡಿಸಿ ಆಮೇಲೆ ಆ ಕಡೆ ನೋಡಿದರೆ ಲೆಕ್ಕ 86 ಆಗಿರುತ್ತದೆ. ಇದನ್ನು ಅವರಿಗೆ ಆ ವರ್ಷ ಶುರುವಾಗುವ ಮೊದಲೇ ಹೇಳಬೇಕು.